ಎದೆಯಲ್ಲಿ ಸೇರಿದ ಗಾಳಿ: ಕೊಳವೆಯೋ, ಕಾಯುವುದೋ?

ಎತ್ತರದ, ತೆಳ್ಳನೆಯ ಹುಡುಗನೊಬ್ಬನಿಗೆ ಯಾವ ಪೆಟ್ಟೂ ಬೀಳದೆ ಶ್ವಾಸಕೋಶ ಸೋರಿ ಕುಗ್ಗುತ್ತದೆ. ನ್ಯೂಮೋಥೊರಾಕ್ಸ್ ಎಂದು ಕರೆಯುವ ಈ ಸ್ಥಿತಿಯ ಚಿಕಿತ್ಸೆಯಲ್ಲಿ ಈಗ ಎರಡು ಅತಿಗಳು ಒಟ್ಟಿಗೇ ನಡೆದಿವೆ. ಎಕ್ಸ್-ರೇಯಲ್ಲಿ ಗಾಳಿ ಕಂಡೊಡನೆ ಪಕ್ಕೆಲುಬುಗಳ ನಡುವೆ ಕೊಳವೆ ಇಳಿಸುವುದು ಹಳೆಯ ರೂಢಿ. ಕೊಳವೆಯ ಕಾಲ ಮುಗಿಯಿತು, ಮನೆಗೆ ಕಳಿಸಿದರಾಯಿತು ಎನ್ನುವುದು ಹೊಸ ಉತ್ಸಾಹ. ಎರಡೂ ಕಡೆಯವರು ಮೂಲ ಅಧ್ಯಯನವನ್ನು ಪೂರ್ತಿ ಓದಿದಂತೆ ಕಾಣುವುದಿಲ್ಲ.

1803ರಲ್ಲಿ ಇಟಾರ್ ಈ ಸ್ಥಿತಿಗೆ ಹೆಸರಿಟ್ಟ. 1819ರಲ್ಲಿ ಲೆನೆಕ್ ಅದರ ಲಕ್ಷಣಗಳನ್ನು ವಿವರಿಸಿದ. ಆಮೇಲೆ ಬಹುಕಾಲ ಕ್ಷಯವೇ ಇದಕ್ಕೆ ಕಾರಣವೆಂಬ ನಂಬಿಕೆಯಿತ್ತು. ಆರೋಗ್ಯವಂತರಲ್ಲೂ ಇದು ಬರುತ್ತದೆಂದು ಡೆನ್ಮಾರ್ಕಿನ ಕ್ಯಾರ್ಗೋರ್ 1932ರಲ್ಲಿ ಸ್ಪಷ್ಟವಾಗಿ ತೋರಿಸಿದ. ಶ್ವಾಸಕೋಶದ ಮೇಲ್ತುದಿಯಲ್ಲಿ ಸಣ್ಣ ಗುಳ್ಳೆಗಳಿರುತ್ತವೆ. ಎದೆಗೂಡು ಉದ್ದವಾದಷ್ಟೂ ಆ ತುದಿಯ ಮೇಲಿನ ಎಳೆತ ಹೆಚ್ಚು. ಧೂಮಪಾನ ಸೇರಿದರೆ ಅಪಾಯ ಇನ್ನೂ ಏರುತ್ತದೆ.

ಕಾಯುವ ಚಿಕಿತ್ಸೆ ಇಂದಿನದಲ್ಲ. ಎದೆಯೊಳಗೆ ಸೇರಿದ ಗಾಳಿಯನ್ನು ದೇಹ ದಿನಕ್ಕೆ ಎದೆಯ ಆ ಬದಿಯ ಗಾತ್ರದ ಶೇ. 1.25ರಷ್ಟು ಹೀರಿಕೊಳ್ಳುತ್ತದೆ ಎಂಬ ಲೆಕ್ಕ 1954ರಲ್ಲೇ ಬಂದಿತ್ತು. 1966ರಲ್ಲಿ ಸ್ಟ್ರಾಡ್ಲಿಂಗ್ ಮತ್ತು ಪೂಲ್ ಕೊಳವೆಯಿಲ್ಲದೆ ನಿಭಾಯಿಸಿದ ಅನುಭವವನ್ನು ‘ಥೊರಾಕ್ಸ್’ ಪತ್ರಿಕೆಯಲ್ಲಿ ಬರೆದರು. ಅದನ್ನು ಯಾರೂ ಅಲ್ಲಗಳೆಯಲಿಲ್ಲ, ಸುಮ್ಮನೆ ಬದಿಗಿಟ್ಟರು. ನಮ್ಮ ಪೀಳಿಗೆ ಕಲಿತದ್ದು ಅಳತೆಯ ಪಾಠ: ಗಾಳಿಯ ಅಂಚು ಎರಡು ಸೆಂಟಿಮೀಟರ್ ಮೀರಿತೇ? ಹಾಗಿದ್ದರೆ ಸೂಜಿಯಿಂದ ಎಳೆ, ಆಗದಿದ್ದರೆ ಕೊಳವೆ ಹಾಕು. ಉಸಿರಾಡುತ್ತಿರುವ ಮನುಷ್ಯನಿಗಿಂತ ಎಕ್ಸ್-ರೇಯ ಅಂಚೇ ಮುಖ್ಯವಾಯಿತು.

ಈ ಕ್ರಮವನ್ನು ನಿಜವಾಗಿ ಪರೀಕ್ಷೆಗೆ ಒಡ್ಡಿದ್ದು ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ 39 ಆಸ್ಪತ್ರೆಗಳ ಅಧ್ಯಯನ. ಬ್ರೌನ್ ಮತ್ತು ಸಂಗಡಿಗರು 2020ರಲ್ಲಿ ಅದನ್ನು ಪ್ರಕಟಿಸಿದರು. ಮೊದಲ ಸಲ ಕಾಯಿಲೆ ಬಂದ, ಗಾಳಿ ಸಾಕಷ್ಟು ದೊಡ್ಡದಾಗಿಯೇ ಇದ್ದ 316 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಸಣ್ಣ ಕೊಳವೆ ಹಾಕಿ, ಉಳಿದವರನ್ನು ಗಮನಿಸುತ್ತ ಬಿಟ್ಟರು. ಎಂಟು ವಾರಗಳಲ್ಲಿ ಶ್ವಾಸಕೋಶ ಪೂರ್ತಿ ಹಿಗ್ಗಿದ್ದು ಕೊಳವೆಯವರಲ್ಲಿ ಶೇ. 98.5, ಕಾದವರಲ್ಲಿ ಶೇ. 94.4. ಕಾದವರ ಪೈಕಿ ಶೇ. 85ರಷ್ಟು ಮಂದಿಗೆ ಕೊಳವೆಯ ಅಗತ್ಯವೇ ಬರಲಿಲ್ಲ. ನನಗೆ ಅತಿ ಮುಖ್ಯವೆನಿಸುವುದು ಇನ್ನೊಂದು ಅಂಕಿ: ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಕೊಳವೆಯವರಲ್ಲಿ ಶೇ. 16.8, ಕಾದವರಲ್ಲಿ ಶೇ. 8.8. ಬೇಗನೆ ಹಿಗ್ಗಿಸಿದರೆ ಸೋರುವ ಜಾಗ ಮತ್ತೆ ಬಾಯಿ ಬಿಡುತ್ತದೆ, ಕುಗ್ಗಿಯೇ ಇದ್ದರೆ ಕೂಡಿಕೊಳ್ಳಲು ಸಮಯ ಸಿಗುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ, ಅದಿನ್ನೂ ಊಹೆಯೇ.

ಇದು ವಾರ್ಡಿನಲ್ಲಿ ಹೇಗೆ ನಡೆಯುತ್ತದೆಂದು ನೋಡಲು 22ರ, ಆರಡಿ ಮೀರಿದ ಯುವಕನೊಬ್ಬನನ್ನು ಎದುರಿಗಿಟ್ಟುಕೊಳ್ಳೋಣ. ಬೆಳಿಗ್ಗೆ ಬಲ ಎದೆಯಲ್ಲಿ ಚುಚ್ಚಿದ ನೋವು, ಮೆಟ್ಟಿಲು ಹತ್ತಿದರೆ ತುಸು ಏದುಸಿರು. ಎಕ್ಸ್-ರೇಯಲ್ಲಿ ಆ ಬದಿಯ ಶೇ. 40ರಷ್ಟು ಗಾಳಿ. ಹಳೆಯ ಅಳತೆಯಂತೆ ಕೊಳವೆ ಬಿದ್ದೇ ಬೀಳುತ್ತಿತ್ತು. ಈಗ ನೋವಿಗೆ ಔಷಧ ಕೊಟ್ಟು ಕನಿಷ್ಠ ನಾಲ್ಕು ಗಂಟೆ ಕಾಯುತ್ತೇವೆ, ಮತ್ತೆ ಎಕ್ಸ್-ರೇ ತೆಗೆಸುತ್ತೇವೆ. ಗಾಳಿ ಹೆಚ್ಚಿಲ್ಲ, ಆಮ್ಲಜನಕ ಬೇಕಿಲ್ಲ, ವರಾಂಡದಲ್ಲಿ ಆರಾಮವಾಗಿ ನಡೆಯುತ್ತಾನೆ ಎಂದಾದರೆ ಮನೆಗೆ ಹೋಗಬಹುದು. ಹಳೆಯ ಲೆಕ್ಕದಂತೆ ಗಾಳಿ ಇಂಗಲು 32 ದಿನ ಬೇಕು, ದಿನಕ್ಕೆ ಶೇ. 2.2 ಎನ್ನುವ ಈಚಿನ ಅಂದಾಜಿನಂತೆ 18. ಅಲ್ಲಿಯವರೆಗೆ ವಿಮಾನ ಪ್ರಯಾಣ ಬೇಡ. ಆಳನೀರಿನ ಡೈವಿಂಗ್ ಮುಂದೆಯೂ ಸಲ್ಲದು.

ಅದೇ ಯುವಕನ ರಕ್ತದೊತ್ತಡ 90ಕ್ಕಿಂತ ಇಳಿದರೆ, ಉಸಿರು ನಿಮಿಷಕ್ಕೆ 30 ಮೀರಿದರೆ, ಆಮ್ಲಜನಕದ ಮಟ್ಟ 90 ದಾಟದಿದ್ದರೆ ಕಾಯುವ ಮಾತೇ ಇಲ್ಲ. ಅಷ್ಟೇನೂ ಕೆಡದೆ, ಔಷಧ ಕೊಟ್ಟ ಮೇಲೂ ನೋವಿನಿಂದ ಓಡಾಡಲಾಗದಿದ್ದರೂ ಗಾಳಿ ತೆಗೆಯಲೇಬೇಕು. ಬ್ರಿಟಿಷ್ ಥೊರಾಸಿಕ್ ಸೊಸೈಟಿಯ 2023ರ ಮಾರ್ಗಸೂಚಿಯೂ ಗಾಳಿಯ ಅಳತೆಗಿಂತ ರೋಗಿಯ ತೊಂದರೆಗೆ ಮೊದಲ ಸ್ಥಾನ ಕೊಟ್ಟಿದೆ.

ಉತ್ಸಾಹಿಗಳು ಬಿಟ್ಟುಬಿಡುವ ಭಾಗವೂ ಅದೇ ಅಧ್ಯಯನದಲ್ಲಿದೆ. ಹಲವರು ಎಂಟು ವಾರ ಕಳೆದ ಮೇಲೆ ಎಕ್ಸ್-ರೇಗೆ ಬಂದರು. ಅವರನ್ನೆಲ್ಲ ವಿಫಲರೆಂದು ಎಣಿಸಿದರೆ ಅಂಕಿಗಳು 93.5 ಮತ್ತು 82.5ಕ್ಕೆ ಇಳಿಯುತ್ತವೆ, ಕಾಯುವುದು ಕೊಳವೆಗೆ ಸಮ ಎಂಬ ತೀರ್ಮಾನ ಅಲ್ಲಿ ನಿಲ್ಲುವುದಿಲ್ಲ. ಮೇಲಾಗಿ ಆ ರೋಗಿಗಳ ಶ್ವಾಸಕೋಶದಲ್ಲಿ ಬೇರೆ ಕಾಯಿಲೆ ಇರಲಿಲ್ಲ. ಕರ್ನಾಟಕದಲ್ಲಿ ಎತ್ತರದ ಯುವಕನಿಗೂ ಕ್ಷಯವಿರಬಹುದು. ಕೆಮ್ಮು, ಜ್ವರ, ತೂಕ ಇಳಿದದ್ದನ್ನು ವಿಚಾರಿಸದೆ, ಎಕ್ಸ್-ರೇಯಲ್ಲಿ ಶ್ವಾಸಕೋಶವನ್ನೂ ಪರಿಶೀಲಿಸದೆ, ಅನುಮಾನ ಬಂದಲ್ಲಿ ಕಫ ಪರೀಕ್ಷೆ ಮಾಡಿಸದೆ ಈ ಅಂಕಿಗಳನ್ನು ಅವನಿಗೆ ಅನ್ವಯಿಸುವಂತಿಲ್ಲ. ಮನೆಗೆ ಕಳಿಸುವ ಚೀಟಿಯಲ್ಲಿ ಮುಂದಿನ ಎಕ್ಸ್-ರೇಯ ತಾರೀಕು ಇರಬೇಕು. ರಾತ್ರಿ ಉಸಿರು ಕಟ್ಟಿದರೆ ಕೊಳವೆ ಹಾಕಬಲ್ಲ ಆಸ್ಪತ್ರೆಗೆ ಎಷ್ಟು ಹೊತ್ತಿನಲ್ಲಿ ಬರಬಲ್ಲೆ ಎಂದು ಅವನನ್ನು ಕೇಳಿರಬೇಕು. ಉತ್ತರ ಮೂರು ನಾಲ್ಕು ಗಂಟೆಯಾದರೆ ಆ ರಾತ್ರಿ ಅವನನ್ನು ವಾರ್ಡಿನಲ್ಲೇ ಇರಿಸಿಕೊಳ್ಳುತ್ತೇನೆ.