ಪ್ರತಿಗಮನ

ಆತಂಕ ತಾಳಲಾರದ ಮನಸ್ಸು, ತನಗೇ ಅರಿವಿಲ್ಲದಂತೆ, ದಾಟಿಬಂದ ಬೆಳವಣಿಗೆಯ ಹಂತಕ್ಕೆ ಮರಳುವ ರಕ್ಷಣಾ ತಂತ್ರ. ಸಿಗ್ಮಂಡ್ ಫ್ರಾಯ್ಡ್ ರೂಪಿಸಿದ ಈ ಕಲ್ಪನೆಯನ್ನು ಆತನ ಮಗಳು ಆ್ಯನಾ 1936ರ ತನ್ನ ಗ್ರಂಥದಲ್ಲಿ ಇತರ ರಕ್ಷಣಾ ತಂತ್ರಗಳ ಜೊತೆ ಸೇರಿಸಿದಳು.

ನಾಲ್ಕು ವರ್ಷದ ಹುಡುಗಿಯೊಬ್ಬಳು ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟು ವರ್ಷವಾಗಿದೆ. ಬಾಣಂತನ ಮುಗಿಸಿ ಅಮ್ಮ ತಮ್ಮನೊಂದಿಗೆ ಮನೆಗೆ ಬಂದ ವಾರದಲ್ಲೇ ಮತ್ತೆ ಒದ್ದೆ, ಮತ್ತೆ ತೊದಲು ಮಾತು. ಫ್ರಾಯ್ಡ್‌ನ ಲೆಕ್ಕದಲ್ಲಿ ಅವಳು ಮೂರರಿಂದ ಆರು ವರ್ಷದ ಲೈಂಗಿಕಾಂಗ ಹಂತದಿಂದ ಹಿಂದಿನ ಗುದ ಹಂತಕ್ಕೆ ಇಳಿದಿದ್ದಾಳೆ. ಇದು ಹಟವಲ್ಲ, ಗದರಿದರೆ ಆತಂಕ ಹೆಚ್ಚುತ್ತದೆ.

ಪರೀಕ್ಷೆಯಲ್ಲಿ ಹಲವರು ಪ್ರತಿಗಮನವನ್ನು ಸ್ಥಿರೀಕರಣದೊಂದಿಗೆ ಬೆರೆಸುತ್ತಾರೆ. ಸ್ಥಿರೀಕರಣದಲ್ಲಿ ಮನಸ್ಸಿನ ಒಂದು ಭಾಗ ಹಳೆಯ ಹಂತದಲ್ಲೇ ಉಳಿದಿರುತ್ತದೆ. ಪ್ರತಿಗಮನದಲ್ಲಿ ಮುಂದೆ ಹೋದದ್ದು ಹಿಂದಿರುಗುತ್ತದೆ. ಫ್ರಾಯ್ಡ್‌ನ ಹಂತಗಳಿಗೆ ಪ್ರಾಯೋಗಿಕ ಆಧಾರ ದುರ್ಬಲ. ಮಗು ಮತ್ತೆ ಹಾಸಿಗೆ ಒದ್ದೆ ಮಾಡುವುದು ಮೂತ್ರದ ಸೋಂಕಿನಿಂದಲೂ ಆಗಬಹುದಾದ್ದರಿಂದ ಮೊದಲು ವೈದ್ಯರಿಗೆ ತೋರಿಸಬೇಕು.