ಮಕ್ರಾನಿನ ಅಲೆ ಮುಂಬೈ ತಲುಪಿದ ಹೊತ್ತು

1945ರ ನವೆಂಬರ್ 28ರ ನಸುಕಿನಲ್ಲಿ, ಭಾರತೀಯ ಕಾಲಮಾನ ಸುಮಾರು 3:26ಕ್ಕೆ, ಮಕ್ರಾನ್ ಕರಾವಳಿಯಾಚೆ ಸಮುದ್ರತಳ ಕಂಪಿಸಿತು. ಅಲ್ಲಿಂದ ಹೊರಟ ಅಲೆ ಬೆಳಗ್ಗೆ 8:15ರ ಹೊತ್ತಿಗೆ ಮುಂಬೈ ಮುಟ್ಟಿ, ವರ್ಸೋವಾ ಮತ್ತು ಹಾಜಿ ಅಲಿಯಲ್ಲಿ ಜನರನ್ನು ಎಳೆದೊಯ್ದಿತು. ನೇರ ದೂರ ಸುಮಾರು 1,180 ಕಿ.ಮೀ.; ಹಿಡಿದದ್ದು ಐದು ತಾಸಿಗೆ ತುಸು ಕಡಿಮೆ. ಬದಲಾಪುರ, ಕಲ್ಯಾಣ, ಡೊಂಬಿವಲಿಗಳಲ್ಲಿ ನೆಲೆಸಿದ ನಮಗೆ ತೀರ ಹತ್ತಿರದ ಈ ಘಟನೆಯಲ್ಲಿ ಅಲೆಯ ವೇಗದ ಲೆಕ್ಕವೆಲ್ಲ ಅಡಗಿದೆ.

ಅಲೆ ಉದ್ದವಾದಷ್ಟೂ ವೇಗ ಅದರ ವರ್ಗಮೂಲದಂತೆ ಹೆಚ್ಚುತ್ತದೆಂದು 1687ರಲ್ಲಿ ನ್ಯೂಟನ್ ಕಂಡುಕೊಂಡಿದ್ದ. ಆಳ ನೀರಿಗೆ ಅದು ಸರಿ. ಅಲ್ಲಿ ವೇಗ gT/2π. T ಎಂದರೆ ಒಂದು ಅಲೆಯ ಹಿಂದೆ ಇನ್ನೊಂದು ಬರುವ ಅವಧಿ. ಹನ್ನೆರಡು ಸೆಕೆಂಡಿನ ಗಾಳಿಯಲೆಗೆ ಇದು ಗಂಟೆಗೆ ಸುಮಾರು 67 ಕಿ.ಮೀ. ಅಲೆಗಳ ಗುಂಪು ಸಾಗುವುದು ಅದರ ಅರ್ಧ ವೇಗದಲ್ಲಿ. ಮಕ್ರಾನಿನಿಂದ ಅಂಥ ಗುಂಪು ಹೊರಟಿದ್ದರೆ ಬರಲು ಒಂದೂವರೆ ದಿನ ಬೇಕಿತ್ತು.

ಆಳವಿಲ್ಲದ ನೀರಿನ ಸೂತ್ರ √(gh) ಲಗ್ರಾಂಜ್‌ನದು, 1781ರದು. ಇಲ್ಲಿ h ನೀರಿನ ಆಳ. ಅವಧಿಯ ಮಾತೇ ಇಲ್ಲ. ಇವೆರಡೂ ಒಂದೇ ನಿಯಮದ ಎರಡು ತುದಿಗಳೆಂದು 1840ರ ದಶಕದಲ್ಲಿ ಏರಿ ಎಂಬ ವಿಜ್ಞಾನಿ ತೋರಿಸಿದ. ಆಳವು ಅಲೆಯುದ್ದದ ಅರ್ಧಕ್ಕಿಂತ ಹೆಚ್ಚಿದ್ದರೆ ನ್ಯೂಟನ್ನನ ದಾರಿ, ಇಪ್ಪತ್ತರಲ್ಲೊಂದು ಪಾಲಿಗಿಂತ ಕಡಿಮೆಯಿದ್ದರೆ ಲಗ್ರಾಂಜ್‌ನದು. ಇಪ್ಪತ್ತು ನಿಮಿಷ ಅವಧಿಯ ಸುನಾಮಿ ಅಲೆ ಮೂರು ಕಿ.ಮೀ. ಆಳದಲ್ಲಿ ಇನ್ನೂರು ಕಿ.ಮೀ. ಉದ್ದವಿರುತ್ತದೆ. ಹಾಗಾಗಿ ಅದರ ಪಾಲಿಗೆ ಅರಬ್ಬೀ ಸಮುದ್ರವೆಲ್ಲ ತೆಳು ನೀರೇ.

√(gh) ಸೂತ್ರವನ್ನು ತಿರುಗಿಸಿ ಬಳಸಿದವನು ಅಮೆರಿಕದ ವಿಜ್ಞಾನಿ ಬೇಚ್. 1854ರಲ್ಲಿ ಜಪಾನಿನಿಂದ ಬಂದ ಅಲೆ ಸ್ಯಾನ್ ಫ್ರಾನ್ಸಿಸ್ಕೋದ ಉಬ್ಬರಮಾಪಕದಲ್ಲಿ ಮೂಡಿದಾಗ, ಪಯಣದ ಕಾಲದಿಂದಲೇ ಶಾಂತಸಾಗರದ ಸರಾಸರಿ ಆಳವನ್ನು ಅಂದಾಜಿಸಿದ. ಈ ಇಡೀ ಚರಿತ್ರೆಯಲ್ಲಿ ನನಗೆ ಅತಿ ಸುಂದರವಾಗಿ ಕಾಣುವ ಹೆಜ್ಜೆ ಇದು.

ಅದನ್ನೇ ನಮ್ಮ ಅಲೆಗೆ ಹಚ್ಚೋಣ. 1,180 ಕಿ.ಮೀ. ದೂರವನ್ನು 4 ಗಂಟೆ 49 ನಿಮಿಷದಿಂದ ಭಾಗಿಸಿದರೆ ಸೆಕೆಂಡಿಗೆ 68 ಮೀಟರ್. ಅದಕ್ಕೆ ಹೊಂದುವ ಆಳ ಸುಮಾರು 470 ಮೀಟರ್. ದಾರಿಯ ಬಹುಪಾಲು ಸಾವಿರಾರು ಮೀಟರ್ ಆಳವಿದ್ದರೂ ಉತ್ತರ ಇಷ್ಟು ಕಡಿಮೆ ಏಕೆ? ಮುಂಬೈ ಎದುರು ಸುಮಾರು 300 ಕಿ.ಮೀ. ಅಗಲದ ಭೂಖಂಡದ ಅಂಚು ತೆಳುವಾಗಿ ಹಾಸಿಕೊಂಡಿದೆ. ದಾರಿಯನ್ನು ಎರಡು ತುಂಡು ಮಾಡಿ ನೋಡಿ. ಮೊದಲ 880 ಕಿ.ಮೀ.ಗೆ ಆಳ 3,000 ಮೀಟರ್ ಎಂದುಕೊಂಡರೆ ವೇಗ ಗಂಟೆಗೆ 617 ಕಿ.ಮೀ., ಸಮಯ 1.4 ಗಂಟೆ. ಉಳಿದ 300 ಕಿ.ಮೀ.ಗೆ ಆಳ 70 ಮೀಟರ್ ಎಂದುಕೊಂಡರೆ ವೇಗ 94 ಕಿ.ಮೀ., ಸಮಯ 3.2 ಗಂಟೆ. ಒಟ್ಟು 4.6 ಗಂಟೆ. ಆಳಗಳು ಸ್ಥೂಲ ಅಂದಾಜು, ಅಲೆ ಬಾಗುವುದನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಆದರೂ ಉತ್ತರ ವಾಸ್ತವಕ್ಕೆ ಹತ್ತಿರವೇ. ಇಡೀ ದಾರಿಗೆ ಒಂದೇ ಸರಾಸರಿ ಆಳ ಹಾಕಿದರೆ ಮಾತ್ರ ಲೆಕ್ಕ ಕೆಡುತ್ತದೆ, ಅಲೆ ಬೇಗ ಬಂದಂತೆ ತೋರುತ್ತದೆ. ಏಕೆಂದರೆ ಸಮಯ ತಿನ್ನುವುದು ತೆಳು ನೀರು.

ಇಂದು ಗಣಕಯಂತ್ರಗಳು ಇದೇ ಕೂಡಿಕೆಯನ್ನು ಸಮುದ್ರತಳದ ನಕ್ಷೆಯ ಚೌಕಚೌಕಕ್ಕೂ ಮಾಡುತ್ತವೆ. ಆಳದಲ್ಲಿ ಶೇ. 10 ತಪ್ಪಿದರೆ ಸಮಯದಲ್ಲಿ ತಪ್ಪುವುದು ಶೇ. 5ರಷ್ಟೇ. ಅಲೆಯ ಎತ್ತರಕ್ಕೆ ಈ ಭರವಸೆಯಿಲ್ಲ, ಮೊದಲ ಅಲೆಯೇ ದೊಡ್ಡದೆಂಬ ನಿಯಮವೂ ಇಲ್ಲ. 1945ರಲ್ಲಿ ಆ ಐದು ತಾಸಿನಲ್ಲಿ ಯಾರಿಗೂ ಸುದ್ದಿ ಮುಟ್ಟಲಿಲ್ಲ. ಹೈದರಾಬಾದಿನ ಇನ್‌ಕಾಯಿಸ್‌ನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಆರಂಭವಾದದ್ದು 2007ರಲ್ಲಿ.