ಉತ್ತರ ಕೊಡೋ ಯಂತ್ರ ಬೇರೆ, ಪಾಠ ಹೇಳೋ ಮೇಷ್ಟ್ರು ಬೇರೆ

ಎಐ ಟ್ಯೂಟರ್ ಬಂದ್ರೆ ಮಕ್ಕಳು ಚೆನ್ನಾಗಿ ಕಲೀತಾರಾ? ಇದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿ ನೋಡಿದ ಪ್ರಯೋಗಗಳಲ್ಲಿ ಒಂದು ನಡೆದದ್ದು ಟರ್ಕಿಯ ಹೈಸ್ಕೂಲಿನಲ್ಲಿ, 2023ರಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು ಸಾವಿರ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ ಗಣಿತದ ಅಭ್ಯಾಸ ಮಾಡಿಸಿದರು. ಒಂದು ಗುಂಪಿಗೆ ಪುಸ್ತಕ, ನೋಟ್ಸ್ ಮಾತ್ರ. ಎರಡನೆಯದಕ್ಕೆ ಮಾಮೂಲಿ ಜಿಪಿಟಿ-4 ಚಾಟ್. ಮೂರನೆಯದಕ್ಕೆ ಅದೇ ಜಿಪಿಟಿ-4, ಆದರೆ ನೇರ ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂತೆ ಕಟ್ಟಿದ್ದು.

ಅಭ್ಯಾಸದ ಹೊತ್ತಿನಲ್ಲಿ ಪುಸ್ತಕದ ಗುಂಪಿಗಿಂತ ಎರಡನೆಯ ಗುಂಪಿನ ಅಂಕ ಶೇ. 48, ಮೂರನೆಯದರ ಅಂಕ ಶೇ. 127 ಹೆಚ್ಚಿತ್ತು. ಆಮೇಲೆ ಎಐ ತೆಗೆದು ಪರೀಕ್ಷೆ ಇಟ್ಟರು. ಮಾಮೂಲಿ ಚಾಟ್ ಬಳಸಿದವರು ಪುಸ್ತಕದವರಿಗಿಂತ ಶೇ. 17 ಹಿಂದೆ ಬಿದ್ದರು. ಸುಳಿವಿನ ಗುಂಪು ಹಿಂದೆ ಬೀಳಲಿಲ್ಲ, ಮುಂದೆಯೂ ಹೋಗಲಿಲ್ಲ. ತಾವು ಕಡಿಮೆ ಕಲಿತಿದ್ದೇವೆ ಅಂತ ಮಾಮೂಲಿ ಚಾಟ್ ಬಳಸಿದ ಮಕ್ಕಳಿಗೆ ಅನ್ನಿಸಿಯೂ ಇರಲಿಲ್ಲ. ನನಗೆ ಹೆಚ್ಚು ಭಯ ಹುಟ್ಟಿಸೋದು ಇದೇ.

ಎರಡೂ ಗುಂಪಿನ ಹಿಂದಿದ್ದ ಮಾಡೆಲ್ ಒಂದೇ ಆದರೆ ಈ ವ್ಯತ್ಯಾಸ ಯಾಕೆ? ಮೂರನೆಯ ಗುಂಪಿನ ಟ್ಯೂಟರ್‌ಗೆ ಪ್ರತಿ ಲೆಕ್ಕದ ಸರಿಯುತ್ತರ, ಮಕ್ಕಳು ಮಾಡುವ ಸಾಮಾನ್ಯ ತಪ್ಪು, ಅದಕ್ಕೆ ಕೊಡಬೇಕಾದ ಸುಳಿವು ಎಲ್ಲವನ್ನೂ ಶಿಕ್ಷಕರ ನೆರವಿನಿಂದ ಮೊದಲೇ ಬರೆದುಕೊಟ್ಟಿದ್ದರು.

ನಮ್ಮ ತರಗತಿಗೆ ಇದನ್ನು ತಂದು ನೋಡಿ. ಒಂದು ಮಗು 1/2 + 1/3 = 2/5 ಅಂತ ಬರೆದಿದೆ ಅಂದುಕೊಳ್ಳಿ. ಉತ್ತರದ ಯಂತ್ರ 5/6 ಅಂತ ಹೇಳಿ ಮುಗಿಸುತ್ತೆ. ಮಗು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದೆ ಅಂತ ಗೊತ್ತಿರುವ ಮೇಷ್ಟ್ರು "2/5 ಅರ್ಧಕ್ಕಿಂತ ದೊಡ್ಡದಾ, ಚಿಕ್ಕದಾ?" ಅಂತ ಕೇಳ್ತಾರೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೂ ಅರ್ಧಕ್ಕಿಂತ ಕಡಿಮೆ ಬಂದಿದೆಯಲ್ಲ ಅಂತ ಮಗುವಿಗೇ ಹೊಳೆಯುತ್ತೆ. ಕಲಿಕೆ ಆಗೋದು ಆ ಕ್ಷಣದಲ್ಲಿ.

ನ್ಯಾಯದ ಪ್ರಶ್ನೆ ಏಳುವುದೂ ಇಲ್ಲೇ. ಇಂಥ ಸುಳಿವುಗಳನ್ನು ಕನ್ನಡದಲ್ಲಿ, ನಮ್ಮ ಪಠ್ಯಪುಸ್ತಕದ ಛೇದ, ಲ.ಸಾ.ಅ. ಮುಂತಾದ ಪದಗಳಲ್ಲೇ ಬರೆಯಬೇಕು. ಇಂಗ್ಲಿಷಿನಲ್ಲಿ ಬರೆದು ಯಂತ್ರದಿಂದ ಅನುವಾದ ಮಾಡಿಸಿದರೆ, ಪುಸ್ತಕದಲ್ಲಿಲ್ಲದ ಪದ ಮಗುವಿನ ಮುಂದೆ ಬರಬಹುದು. ಆಗ ಇಂಗ್ಲಿಷ್ ಮೀಡಿಯಂ ಮಗುವಿಗೆ ಮೇಷ್ಟ್ರು, ಕನ್ನಡ ಶಾಲೆಯ ಮಗುವಿಗೆ ಉತ್ತರದ ಯಂತ್ರ ಅನ್ನುವ ಹಾಗಾಗುತ್ತೆ.

ಹಾಗಾಗಿ ನಿಮ್ಮ ಶಾಲೆಗೆ ಇಂಥ ಆ್ಯಪ್ ಬಂದರೆ ಮೊದಲು ಬೇಕಂತಲೇ ಒಂದು ತಪ್ಪುತ್ತರ ಟೈಪ್ ಮಾಡಿ, ಅದು ಉತ್ತರ ಕೊಡುತ್ತೋ, ಪ್ರಶ್ನೆ ಕೇಳುತ್ತೋ ನೋಡಿ. ಆಮೇಲೆ ಫೋನ್ ಪಕ್ಕಕ್ಕಿಟ್ಟು, ಅದೇ ಥರದ ಇನ್ನೊಂದು ಲೆಕ್ಕವನ್ನು ಮಗುವಿನಿಂದ ಕಾಗದದ ಮೇಲೆ ಮಾಡಿಸಿ. ಆ್ಯಪ್ ತೋರಿಸುವ ಅಂಕಕ್ಕಿಂತ ಆ ಕಾಗದವನ್ನು ನಂಬಿ.